ಜ್ವರ ಶುರುವಾಗಿದ್ದು ಯಾವಾಗ?

ಮಳೆಗಾಲದ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಪ್ಪತ್ತು ವರ್ಷದ ಅಜ್ಜಿಯೊಬ್ಬರನ್ನು ಸೊಸೆ ನನ್ನ ಕ್ಲಿನಿಕ್ಕಿಗೆ ಕರೆತಂದರು. ಅಜ್ಜಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಆಸ್ತಮಾ. ಈಗ 102 ಡಿಗ್ರಿ ಜ್ವರ, ಒಣ ಕೆಮ್ಮು, ಮೈಯೆಲ್ಲ ನೋವು.

"ಯಾವಾಗಿಂದ ಅಜ್ಜಿ?" ಅಂದೆ.

"ನಿನ್ನೆಯಿಂದ ಡಾಕ್ಟ್ರೇ."

ಸೊಸೆ ತಡೆದರು. "ಇಲ್ಲ ಅತ್ತೆ, ಭಾನುವಾರ ಸಂಜೆ ಆರಕ್ಕೆ ದೇವಸ್ಥಾನದಿಂದ ಬಂದ ಕೂಡಲೇ ಚಳಿ ಅಂತ ಕಂಬಳಿ ಹೊದ್ದು ಮಲಗಿದ್ರಲ್ಲ?"

ಅಂದರೆ ಆಗಲೇ 40 ಗಂಟೆ ಆಗಿತ್ತು. ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯ ವಿಷಯದಲ್ಲಿ ಈ ಲೆಕ್ಕ ತುಂಬಾ ಮುಖ್ಯ. ಅದನ್ನು 48 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಲೆಕ್ಕ ಶುರುವಾಗೋದು ಡಾಕ್ಟರ ಹತ್ತಿರ ಬಂದಾಗಿನಿಂದಲ್ಲ, ಮೊದಲ ಚಳಿ, ಮೊದಲ ಮೈನೋವು ಕಾಣಿಸಿದಾಗಿನಿಂದ.

ಯಾಕೆ ಅಂತ ಹೇಳ್ತೀನಿ. ಫ್ಲೂ ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕು ಮರಿ ಮಾಡುತ್ತದೆ. ಹೊಸ ವೈರಸ್‌ಗಳು ಹೊರಗೆ ಬಂದರೂ ಮೊದಲಿಗೆ ಕೋಶದ ಮೈಗೇ ಅಂಟಿಕೊಂಡಿರುತ್ತವೆ. ಆ ಅಂಟನ್ನು ಕತ್ತರಿಸಿಕೊಂಡು ಪಕ್ಕದ ಕೋಶಕ್ಕೆ ಹೋಗಲು ನ್ಯೂರಮಿನಿಡೇಸ್ ಎಂಬ ಕಿಣ್ವ ಬೇಕು. ಒಸೆಲ್ಟಾಮಿವಿರ್ ಆ ಕಿಣ್ವವನ್ನು ತಡೆಯುತ್ತದೆ, ವೈರಸ್ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ಗಮನಿಸಿ, ಈ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ, ಹರಡುವುದನ್ನು ಮಾತ್ರ ತಡೆಯುತ್ತದೆ. ವೈರಸ್ ಜೋರಾಗಿ ಹೆಚ್ಚುವುದು ಮೊದಲ ಎರಡು ಮೂರು ದಿನ. ಅಷ್ಟರಲ್ಲಿ ಅದು ಎಲ್ಲ ಕಡೆ ಹರಡಿಬಿಟ್ಟರೆ ತಡೆಯಲು ಉಳಿಯುವುದು ಕಡಿಮೆ. 48 ಗಂಟೆಯ ಮಾತು ಬಂದಿದ್ದು ಇಲ್ಲಿಂದ.

ಹಾಗಾಗಿ ಅಜ್ಜಿಯ ಮೂಗಿನ ಸ್ವ್ಯಾಬ್ ತೆಗೆದರೂ ರಿಪೋರ್ಟ್ ಬರಲಿ ಅಂತ ಕಾಯಲಿಲ್ಲ. ಅಲ್ಲೇ ಮಾಡುವ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೂ ನಾನು ಮಾತ್ರೆ ನಿಲ್ಲಿಸುತ್ತಿರಲಿಲ್ಲ. ಫ್ಲೂ ಇದ್ದರೂ ಅದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಇನ್ನು ಡೋಸ್. ದೊಡ್ಡವರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ ಕ್ಯಾಪ್ಸೂಲ್, ದಿನಕ್ಕೆ ಎರಡು ಸಲ, ಐದು ದಿನ. ಆದರೆ ಈ ಔಷಧಿ ಮೂತ್ರದ ಮೂಲಕ ಹೊರಗೆ ಹೋಗುತ್ತದೆ, ಸಕ್ಕರೆ ಕಾಯಿಲೆಯವರ ಕಿಡ್ನಿ ಎಷ್ಟೋ ಸಲ ಸೊರಗಿರುತ್ತದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತ ಪರೀಕ್ಷೆ ಕ್ರಿಯಾಟಿನಿನ್, ಅಜ್ಜಿಯ ಹಳೇ ಫೈಲಿನಲ್ಲಿ ಹಿಂದಿನ ತಿಂಗಳು ಅದು 1.4 ಇತ್ತು. ನೋಡಲು ಸ್ವಲ್ಪವೇ ಜಾಸ್ತಿ ಅನ್ನಿಸುತ್ತದೆ. ಅವರ ವಯಸ್ಸು ಮತ್ತು 55 ಕೆಜಿ ತೂಕ ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ನಿಮಿಷಕ್ಕೆ ಸುಮಾರು 32 ಮಿಲಿಲೀಟರ್ ಮಾತ್ರ ಶುದ್ಧ ಮಾಡುತ್ತಿತ್ತು. ಈ ಲೆಕ್ಕ 30ರಿಂದ 60ರ ನಡುವೆ ಇದ್ದವರಿಗೆ 30 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಸಾಕು. ಅದನ್ನೇ ಬರೆದೆ. ಹೊಟ್ಟೆ ತೊಳಸದಿರಲಿ ಅಂತ ಊಟದ ಜೊತೆ ತೆಗೆದುಕೊಳ್ಳಲು ಹೇಳಿದೆ.

ಅದೇ ದಿನ ಇಪ್ಪತ್ತೈದರ ಹುಡುಗನೊಬ್ಬ, ಬೇರೆ ಯಾವ ಕಾಯಿಲೆಯೂ ಇಲ್ಲದವನು, ಅದೇ ಮಾತ್ರೆ ಕೇಳಿದ. ನಾನು ಕೊಡಲಿಲ್ಲ. ಅಂಥವರಿಗೆ ಜ್ವರ ಹೆಚ್ಚೆಂದರೆ ಒಂದು ದಿನ ಬೇಗ ಬಿಡಬಹುದು, ಜೊತೆಗೆ ವಾಂತಿ ಬರಬಹುದು. ಈ ಮಾತ್ರೆಯ ಅಗತ್ಯ ಜಾಸ್ತಿ ಇರುವುದು 65 ದಾಟಿದವರಿಗೆ, ಗರ್ಭಿಣಿಯರಿಗೆ, ಹೊಸ ಬಾಣಂತಿಯರಿಗೆ, ಪುಟ್ಟ ಮಕ್ಕಳಿಗೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇದ್ದವರಿಗೆ. ಅವರಲ್ಲೂ ಮನೆಯಲ್ಲೇ ಇರುವವರನ್ನು ಆಸ್ಪತ್ರೆ ಸೇರದಂತೆ ಇದು ಎಷ್ಟು ತಪ್ಪಿಸುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೂ ಅಜ್ಜಿಯಂಥವರಿಗೆ ಅಪಾಯ ದೊಡ್ಡದು, ಮಾತ್ರೆಯ ತೊಂದರೆ ಸಣ್ಣದು. ಹಾಗಾಗಿ ನಾನು ಕೊಡುತ್ತೇನೆ.

48 ಗಂಟೆ ದಾಟಿದರೆ? ಅಪಾಯ ಜಾಸ್ತಿ ಇರುವವರಿಗೆ, ಅದರಲ್ಲೂ ಆಸ್ಪತ್ರೆ ಸೇರುವಷ್ಟು ಕಾಯಿಲೆ ಆದವರಿಗೆ, ಆಮೇಲೂ ಶುರು ಮಾಡುತ್ತೇವೆ. ಅವರಲ್ಲಿ ವೈರಸ್ ಹೆಚ್ಚು ದಿನ ಉಳಿಯುತ್ತದೆ. ಆದರೆ ಫಲ ದಿನದಿಂದ ದಿನಕ್ಕೆ ಇಳಿಯುತ್ತದೆ. ಐದನೇ ದಿನ ಏದುಸಿರು ಬಿಡುತ್ತಾ ಬಂದ ಗರ್ಭಿಣಿಯೊಬ್ಬರಿಗೂ ಕೊಟ್ಟೆವು. ಆ ಹೊತ್ತಿಗೆ ಎರಡೂ ಕಡೆ ನ್ಯುಮೋನಿಯಾ ಆಗಿತ್ತು. ಆಗಿಹೋದ ಹಾನಿಯನ್ನು ಮಾತ್ರೆ ಸರಿಮಾಡಲಾರದು. ಅವರಿಗೆ ಎಂಟು ದಿನ ಆಕ್ಸಿಜನ್ ಬೇಕಾಯಿತು. ಮೊದಲ ದಿನ ಮನೆಯವರು "ಸುಮ್ನೆ ನೆಗಡಿ" ಅಂದುಕೊಂಡಿದ್ದರು.

ಅಜ್ಜಿಯ ಸೊಸೆಗೆ ನಾನು ಕಾಗದದ ಹಿಂದೆ ಬರೆದುಕೊಟ್ಟಿದ್ದು ಇಷ್ಟೇ: ಉಸಿರಾಟ ಜೋರಾದರೆ, ಎದೆ ನೋವು ಬಂದರೆ, ಮಾತಿನಲ್ಲಿ ಗೊಂದಲ ಕಂಡರೆ, ತುಟಿ ನೀಲಿಯಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಜ್ವರ ಬಿಟ್ಟು ಎರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ ಏರಿದರೂ ಬನ್ನಿ. ಅದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಅದಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಆಂಟಿಬಯಾಟಿಕ್ ಬೇಕು.

ಗುರುವಾರ ಸೊಸೆ ಫೋನ್ ಮಾಡಿ, ಅತ್ತೆಗೆ ಜ್ವರ ಇಳಿದಿದೆ, ಮಾತ್ರೆ ನಿಲ್ಲಿಸಲೇ ಅಂತ ಕೇಳಿದರು. ಬೇಡ, ಹತ್ತೂ ಮುಗಿಸಿ ಅಂದೆ.