ನೀರನ್ನಲ್ಲ, ನೀರಿನ ಮೇಲಿನ ಜಾಗ ನೋಡಿ

ನಾನು ಶ್ವಾಸಕೋಶದ ಡಾಕ್ಟರು. ಹುಕ್ಕಾ ಸೇದುವವರು ನನ್ನ ಮುಂದೆ ಕೂತರೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸುವುದು ಮಾಮೂಲು. ಸೇದಿ ಮುಗಿದ ಮೇಲೆ ಬುಡದ ಗಾಜಿನಲ್ಲಿ ಉಳಿದ ಕಂದು ನೀರಿನ ಫೋಟೋ. "ನೋಡಿ ಡಾಕ್ಟ್ರೇ, ಕೊಳೆಯೆಲ್ಲ ಇಲ್ಲೇ ನಿಂತಿದೆ. ಸಿಗರೇಟಾಗಿದ್ದರೆ ಇದೆಲ್ಲ ಎದೆಗೇ ಹೋಗ್ತಿತ್ತು, ಅಲ್ವಾ?"

ನೀರು ಕೊಳೆಯಾಗಿರುವುದು ನಿಜ. ಆದರೆ ಅಲ್ಲಿ ಕಾಣುವುದು ನೀರಿನಲ್ಲಿ ಉಳಿದದ್ದು ಮಾತ್ರ. ದಾಟಿ ಹೋದದ್ದು ಎಷ್ಟು ಅಂತ ತಿಳಿಯಬೇಕಾದರೆ, ಯಾರಾದರೂ ಸೇದುತ್ತಿರುವಾಗ ನೀರಿನ ಮೇಲಿನ ಖಾಲಿ ಜಾಗ ನೋಡಿ. ಅಲ್ಲಿ ಹಾಲಿನಂಥ ಬಿಳಿ ಹೊಗೆ ತುಂಬಿಕೊಂಡಿರುತ್ತದೆ. ಅಷ್ಟೂ ನೀರಿನೊಳಗಿಂದ ಬಂದ ಹೊಗೆ. ನೀರು ಅದನ್ನು ತೊಳೆದಿದ್ದರೆ ಅಲ್ಲಿ ತಿಳಿ ಗಾಳಿ ಇರಬೇಕಿತ್ತು.

ಯಾಕೆ ಹೀಗೆ? ಹೊಗೆ ನೀರಿನಲ್ಲಿ ನೆನೆಯುವುದಿಲ್ಲ, ಗುಳ್ಳೆಯೊಳಗೆ ಕೂತು ಮೇಲೆ ಬರುತ್ತದೆ. ನೀರು ತಾಗುವುದು ಗುಳ್ಳೆಯ ಅಂಚಿಗೆ ಮಾತ್ರ. ಟಾರ್ ಇರುವ ಹನಿಗಳು ಒಂದು ಮೈಕ್ರಾನ್‌ಗಿಂತಲೂ ಸಣ್ಣವು, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕವು. ಅವು ಗುಳ್ಳೆಯ ನಡುವೆ ತೇಲುತ್ತಿರುತ್ತವೆ. ಅಂಚಿನವರೆಗೆ ಸರಿದು ನೀರಿಗೆ ಅಂಟಿಕೊಳ್ಳಲು ಅವಕ್ಕೆ ಸಮಯ ಬೇಕು. ಆದರೆ ಕೊಳವೆಯ ತುದಿ ನೀರಿನಲ್ಲಿ ಮುಳುಗಿರುವುದೇ ಕೆಲವು ಸೆಂಟಿಮೀಟರ್. ಒಂದು ಸೆಕೆಂಡ್ ಆಗುವುದರೊಳಗೆ ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಹನಿಗಳಲ್ಲಿ ಹೆಚ್ಚಿನವು ಹಾಗೇ ಪೈಪಿಗೆ ಹೋಗುತ್ತವೆ. ನೀರಿಗೆ ಐಸ್ ಹಾಕಿದರೂ, ಹಾಲು ಬೆರೆಸಿದರೂ ಈ ಲೆಕ್ಕ ಬದಲಾಗುವುದಿಲ್ಲ.

ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಒಂದಿಷ್ಟು ನೀರಿಗೆ ಇಳಿಯುವುದು ಹೌದು. ಅಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಚಟ ಇರುವವರ ಮೈ ತನಗೆ ಬೇಕಾದಷ್ಟು ಸಿಗುವವರೆಗೆ ಬಿಡುವುದಿಲ್ಲ. ಕಡಿಮೆ ಸಿಕ್ಕರೆ ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಆಳಕ್ಕೆ ಎಳೆಯುತ್ತಾರೆ. ನೀರು ಅದಕ್ಕೆ ದಾರಿ ಮಾಡಿಕೊಡುತ್ತದೆ. ಹೊಗೆ ತಣ್ಣಗಾಗುತ್ತದೆ, ಗಂಟಲು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಗರೇಟಿನ ಒಂದು ದಮ್ಮಿಗೆ ಸುಮಾರು 50 ಮಿಲಿಲೀಟರ್ ಹೊಗೆ, ಒಂದು ಸಿಗರೇಟಿನ ಹತ್ತು ದಮ್ಮಿಗೆ ಅರ್ಧ ಲೀಟರ್. ಹುಕ್ಕಾದಲ್ಲಿ ಒಂದೊಂದು ದಮ್ಮೇ ಅರ್ಧ ಲೀಟರ್ ಇರಬಹುದು. ಒಂದು ಗಂಟೆಯಲ್ಲಿ ನೂರು ದಮ್ಮು ಎಳೆದರೆ 50 ಲೀಟರ್ ಹೊಗೆ ಒಳಗೆ ಹೋಯಿತು. ನೂರು ಸಿಗರೇಟಿನ ವಿಷ ಅಂತ ಇದರ ಅರ್ಥವಲ್ಲ, ಈ ಲೆಕ್ಕ ಹೊಗೆಯ ಪ್ರಮಾಣದ್ದು ಮಾತ್ರ. ಪ್ರತಿ ವಿಷದ ಲೆಕ್ಕವೂ ಬೇರೆ ಬೇರೆ.

ನನಗೆ ಹೆಚ್ಚು ಭಯವಿರುವುದು ಕಾರ್ಬನ್ ಮಾನಾಕ್ಸೈಡಿನದು. ಅದು ಹುಟ್ಟುವುದು ಮುಖ್ಯವಾಗಿ ಚಿಲುಮೆಯ ಮೇಲಿಡುವ ಇದ್ದಿಲಿನಿಂದ. ನೀರಿನಲ್ಲಿ ಅದು ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ತಂಬಾಕಿಲ್ಲದ 'ಹರ್ಬಲ್' ಹುಕ್ಕಾದಲ್ಲೂ ಇದ್ದಿಲು ಅದೇ, ಅನಿಲವೂ ಅದೇ.

ಒಂದು ರಾತ್ರಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬನನ್ನು ಗೆಳೆಯರು ಎತ್ತಿಕೊಂಡು ಬಂದರು. ತಲೆ ಸಿಡಿಯುವ ನೋವು, ಎರಡು ಸಲ ವಾಂತಿ. ಎದ್ದು ನಿಂತವನೇ ಕುಸಿದು ಬಿದ್ದಿದ್ದ. "ಊಟ ಮಾಡಿರಲಿಲ್ಲ ಸರ್, ಅದಕ್ಕೇ ಇರಬೇಕು" ಎಂದರು. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಆ ಸಂಖ್ಯೆ ನೋಡಿ ಎಲ್ಲರಿಗೂ ನಿರಾಳ. ಆದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂದು ಸಾಮಾನ್ಯ ಆಕ್ಸಿಮೀಟರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಎಲ್ಲಿದ್ರಿ, ಏನ್ ಮಾಡ್ತಿದ್ರಿ ಎಂದು ಕೆದಕಿ ಕೇಳಿದೆ. ಕಿಟಕಿ ಮುಚ್ಚಿದ ಕೋಣೆ, ಎರಡು ಗಂಟೆ ಹುಕ್ಕಾ, ಮೂರು ಸಲ ಹೊಸ ಇದ್ದಿಲು. ರಕ್ತ ಪರೀಕ್ಷೆಗೆ ಕಳಿಸಿದೆ. ಅವನ ಹಿಮೋಗ್ಲೋಬಿನ್ನಿನ 22% ಕಾರ್ಬನ್ ಮಾನಾಕ್ಸೈಡಿನ ಕೈಯಲ್ಲಿತ್ತು. ಧೂಮಪಾನ ಮಾಡದವರಲ್ಲಿ ಅದು ಸಾಮಾನ್ಯವಾಗಿ ಒಂದೆರಡು ಪರ್ಸೆಂಟ್ ಅಷ್ಟೇ.

ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟೆವು. ಹೀಗೆ ಕೊಟ್ಟರೆ ಗಂಟೆ, ಒಂದೂವರೆ ಗಂಟೆಗೊಮ್ಮೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕಿಳಿಯುತ್ತದೆ. ಸುಮ್ನೆ ಗಾಳಿಯಲ್ಲಿ ಕೂತರೆ ಅದೇ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಬೆಳಗಿನ ಜಾವಕ್ಕೆ ಅವನ ತಲೆನೋವು ಹೋಗಿತ್ತು. ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಮಾತು: "ನೀರು ಬದಲಾಯಿಸಿರಲಿಲ್ಲ, ಅದಕ್ಕಾ ಸರ್?" ಪಾಪ, ಒಳ್ಳೆಯ ಹುಡುಗ. ಹಾಸಿಗೆಯ ಪಕ್ಕ ಕೂತು ಗುಳ್ಳೆಯ ಕಥೆಯನ್ನು ಮೊದಲಿನಿಂದ ಹೇಳಿದೆ.

ಹುಕ್ಕಾ ಸೇದುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದನ್ನು 'ಕಿಕ್' ಅಂದುಕೊಳ್ಳಬೇಡಿ. ಇದ್ದಿಲನ್ನು ಬಿಟ್ಟು ತಕ್ಷಣ ಬಯಲಿಗೆ ಬನ್ನಿ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಸೇದಿದವರು ಗರ್ಭಿಣಿಯಾಗಿದ್ದರೆ, ಮನೆಯಲ್ಲಿ ಆಕ್ಸಿಮೀಟರ್ ನೋಡಿಕೊಂಡು ಕೂರದೆ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲೇ ಹೇಳಿ: ಹುಕ್ಕಾ ಸೇದಿದ್ದೆ, ಇಷ್ಟು ಹೊತ್ತು, ಮುಚ್ಚಿದ ಕೋಣೆಯಲ್ಲಿ.