ಲಾಭ 12 ಲಕ್ಷ, ಬ್ಯಾಂಕಿನಲ್ಲಿ 60 ಸಾವಿರ: ಉಳಿದ ದುಡ್ಡು ಎಲ್ಲಿ ಹೋಯ್ತು?

ಓದುಗರ ಪ್ರಶ್ನೆ: ನನ್ನದು ಹುಬ್ಬಳ್ಳಿಯಲ್ಲಿ ಸಣ್ಣ ಫ್ಯಾಬ್ರಿಕೇಷನ್ ಘಟಕ. ಬೀರು, ರ‍್ಯಾಕ್, ಶಾಲೆ ಡೆಸ್ಕ್ ಮಾಡುತ್ತೇವೆ. ಈ ವರ್ಷ 12 ಲಕ್ಷ ಲಾಭ ಎಂದು ಆಡಿಟರ್ ಹೇಳುತ್ತಾರೆ. ಬ್ಯಾಂಕಿನಲ್ಲಿ ನೋಡಿದರೆ 60 ಸಾವಿರ ಇದೆ. ಹೋದ ವರ್ಷ ಇದೇ ಹೊತ್ತಿಗೆ 8 ಲಕ್ಷ 60 ಸಾವಿರ ಇತ್ತು. ಲೆಕ್ಕ ತಪ್ಪಿದೆಯಾ? ಸವಕಳಿ 3 ಲಕ್ಷ ವಾಪಸ್ ಬರುತ್ತದೆ ಅಂತಾರಲ್ಲ, ಅದಾದರೂ ಎಲ್ಲಿ?

ಉತ್ತರ: ಲೆಕ್ಕ ತಪ್ಪಿಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಊರು ಮತ್ತು ಅಂಕಿ ಮಾತ್ರ ಬೇರೆ. ಈ ಸಲ ಕೇಳಿದವರು ತಮ್ಮ ಪೂರ್ತಿ ಲೆಕ್ಕವನ್ನೂ ಕಳಿಸಿದ್ದಾರೆ. ಜಿಎಸ್‌ಟಿ ಬಿಟ್ಟು, ಚಿಲ್ಲರೆ ಅಂಕಿಗಳನ್ನು ದುಂಡಗೆ ಮಾಡಿಕೊಂಡು ಅದನ್ನೇ ಬಿಡಿಸಿ ನೋಡೋಣ.

ಲಾಭ ಹುಟ್ಟುವುದು ಬಿಲ್ ಹಾಕಿ ಮಾಲು ಕೊಟ್ಟಾಗ. ದುಡ್ಡು ಬರುವುದು ಗಿರಾಕಿ ಕೊಟ್ಟಾಗ. ಇವರು ಮಾರ್ಚ್‌ನಲ್ಲಿ ಒಬ್ಬ ಕಂಟ್ರಾಕ್ಟರಿಗೆ ಡೆಸ್ಕ್ ಕೊಟ್ಟಿದ್ದಾರೆ. ಕಂಟ್ರಾಕ್ಟರಿಗೆ ಬಿಲ್ ಪಾಸ್ ಆಗಿಲ್ಲ, ಹಾಗಾಗಿ ಇವರಿಗೂ ದುಡ್ಡು ಬಂದಿಲ್ಲ. ಆದರೆ ಆ ಮಾರಾಟ ಈ ವರ್ಷದ ಲಾಭದಲ್ಲಿ ಆಗಲೇ ಸೇರಿಕೊಂಡಿದೆ. ವರ್ಷದ ಆರಂಭದಲ್ಲಿ ಇವರಿಗೆ ಬರಬೇಕಾದ ಬಾಕಿ 10 ಲಕ್ಷ ಇತ್ತು, ಕೊನೆಗೆ 19 ಲಕ್ಷ ಆಯಿತು. ಅಂದರೆ ಪುಸ್ತಕದಲ್ಲಿ ಮಾರಾಟ ಎಂದು ಬರೆದದ್ದರಲ್ಲಿ 9 ಲಕ್ಷ ಇನ್ನೂ ಊರ ಮೇಲಿದೆ.

ಸ್ಟಾಕಿನ ಕತೆ ಸ್ವಲ್ಪ ಬೇರೆ. ತಗಡಿನ ರೇಟು ಏರುತ್ತದೆ ಎಂದು ಇವರು ಜಾಸ್ತಿ ಶೀಟ್ ತಂದು ಹಾಕಿಕೊಂಡರು. 6 ಲಕ್ಷವಿದ್ದ ಸ್ಟಾಕು 10 ಲಕ್ಷವಾಯಿತು. ದುಡ್ಡು ಹೋಗಿದೆ, ಆದರೆ ಶೀಟು ಬೀರುವಾಗಿ ಮಾರಾಟವಾಗುವ ತನಕ ಅದನ್ನು ಖರ್ಚು ಎಂದು ಲಾಭದಿಂದ ಕಳೆಯುವಂತಿಲ್ಲ. ತಗಡಿನ ಅಂಗಡಿಯವರಿಗೆ ಇವರು ಕೊಡಬೇಕಾದ ಬಾಕಿ ಮಾತ್ರ ಇವರ ಕಡೆಗೇ ವಾಲಿತು. 5 ಲಕ್ಷದಿಂದ 8 ಲಕ್ಷಕ್ಕೆ ಏರಿತು. ಮಾಲು ಬಂದಿದೆ, ದುಡ್ಡು ಇನ್ನೂ ಕೊಟ್ಟಿಲ್ಲ, ಅಷ್ಟರ ಮಟ್ಟಿಗೆ ಕೈಯಲ್ಲಿ 3 ಲಕ್ಷ ಉಳಿದಿದೆ.

ಇನ್ನು ಮಷಿನ್. ಮೇ ತಿಂಗಳಲ್ಲಿ 20 ಲಕ್ಷದ ಬೆಂಡಿಂಗ್ ಮಷಿನ್ ತಂದರು. 14 ಲಕ್ಷ ಬ್ಯಾಂಕ್ ಸಾಲ, 6 ಲಕ್ಷ ಕೈಯಿಂದ. ಲಾಭ-ನಷ್ಟದ ಪಟ್ಟಿಯಲ್ಲಿ ಈ 20 ಲಕ್ಷ ಕಾಣುವುದಿಲ್ಲ, ಶೇ. 15ರ ದರದಲ್ಲಿ 3 ಲಕ್ಷ ಸವಕಳಿ ಮಾತ್ರ ಕಾಣುತ್ತದೆ. ಸಾಲದ ಕಂತಿನಲ್ಲಿ ಬಡ್ಡಿ 1 ಲಕ್ಷ ಖರ್ಚಾಗಿ ಕಾಣುತ್ತದೆ, ಅಸಲು 2 ಲಕ್ಷ ಕಾಣುವುದಿಲ್ಲ. ಮನೆ ಖರ್ಚಿಗೂ ಸ್ವಂತದ ಆದಾಯ ತೆರಿಗೆಗೂ ತೆಗೆದ 5 ಲಕ್ಷವೂ ಅಷ್ಟೇ. ಅದು ವ್ಯಾಪಾರದ ಖರ್ಚಲ್ಲ, ಮಾಲೀಕರು ತಮ್ಮ ಬಂಡವಾಳದಿಂದ ತೆಗೆದದ್ದು.

ಇದನ್ನೆಲ್ಲ ಒಂದೇ ಹಾಳೆಗೆ ತಂದರೆ ಅದೇ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್. ಲಾಭದಿಂದ ಹೊರಟು, ಒಂದೊಂದೇ ವ್ಯತ್ಯಾಸ ಸರಿಪಡಿಸುತ್ತಾ ಬ್ಯಾಂಕ್ ಬ್ಯಾಲೆನ್ಸ್ ತಲುಪುವ ಈ ದಾರಿಗೆ ಪರೋಕ್ಷ ವಿಧಾನ ಎನ್ನುತ್ತಾರೆ. ಷೇರುಪೇಟೆಯ ಲಿಸ್ಟೆಡ್ ಕಂಪನಿಗಳು ಇದೇ ವಿಧಾನದಲ್ಲಿ ಕೊಡಬೇಕು ಎಂದು ಸೆಬಿ ನಿಯಮವಿದೆ. ಇವರಂಥ ಸ್ವಂತ ಮಾಲೀಕತ್ವದ ಘಟಕಕ್ಕೆ ಕಂಪನಿ ಕಾನೂನಿನ ಒತ್ತಾಯವಿಲ್ಲ. ಹಾಗಾಗಿ ಯಾರೂ ಮಾಡಿ ಕೊಡುವುದೂ ಇಲ್ಲ.

ವ್ಯವಹಾರದಿಂದ (ಲಕ್ಷಗಳಲ್ಲಿ)
ಲಾಭ: 12
ಸವಕಳಿ ಕೂಡಿಸಿ: + 3
ಬಡ್ಡಿ ಕೂಡಿಸಿ (ಕೆಳಗೆ ಕಳೆಯುತ್ತೇವೆ): + 1
ಬರಬೇಕಾದ ಬಾಕಿ ಏರಿದ್ದು: – 9
ಸ್ಟಾಕ್ ಏರಿದ್ದು: – 4
ಕೊಡಬೇಕಾದ ಬಾಕಿ ಏರಿದ್ದು: + 3
ವ್ಯವಹಾರದಿಂದ ಬಂದ ನಗದು: 6

ಹೂಡಿಕೆಗೆ
ಮಷಿನ್: – 20

ಸಾಲ ಮತ್ತು ಬಂಡವಾಳದಿಂದ
ಹೊಸ ಸಾಲ + 14, ಅಸಲು – 2, ಬಡ್ಡಿ – 1, ಮಾಲೀಕರು ತೆಗೆದದ್ದು – 5: + 6

ಮೂರನ್ನೂ ಕೂಡಿಸಿದರೆ 8 ಲಕ್ಷ ಕಡಿಮೆ. ಆರಂಭದ 8 ಲಕ್ಷ 60 ಸಾವಿರದಲ್ಲಿ 8 ಲಕ್ಷ ಕಳೆಯಿರಿ. ಪಾಸ್‌ಬುಕ್ಕಿನ 60 ಸಾವಿರಕ್ಕೆ ಸರಿಯಾಗಿ ಹೊಂದಿತು. ಇದು ಹೊಂದದೇ ಹೋದರೆ ಎಲ್ಲೋ ಒಂದು ಎಂಟ್ರಿ ಬಿಟ್ಟುಹೋಗಿದೆ ಎಂದರ್ಥ. ಹುಡುಕಲೇಬೇಕು, "ಇತರೆ" ಎಂದು ಬರೆದು ಮುಗಿಸುವಂತಿಲ್ಲ.

ಈಗ ಆ ಸವಕಳಿಯ ವಿಷಯಕ್ಕೆ ಬರೋಣ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಸಾಯುವುದಿಲ್ಲ. ಪಟ್ಟಿಯಲ್ಲಿ ಸವಕಳಿಯ ಮುಂದೆ ಪ್ಲಸ್ ಚಿಹ್ನೆ ಕಂಡ ಕೂಡಲೇ ಜನ ಅದನ್ನು ಆದಾಯ ಎಂದುಕೊಳ್ಳುತ್ತಾರೆ. ಕೆಲವು ಬ್ಯಾಂಕ್ ಪ್ರಾಜೆಕ್ಟ್ ರಿಪೋರ್ಟುಗಳಲ್ಲೂ "ನಗದಿನ ಮೂಲಗಳು" ಎಂಬ ತಲೆಬರಹದ ಕೆಳಗೆ ಲಾಭ, ಸವಕಳಿ ಎಂದು ಪಕ್ಕಪಕ್ಕ ಬರೆದಿರುತ್ತಾರೆ. ಸವಕಳಿ ಯಾವ ಮೂಲವೂ ಅಲ್ಲ. ಸವಕಳಿ ಯಾರೂ ನಿಮಗೆ ಕೊಡುವುದಿಲ್ಲ, ನೀವೂ ಯಾರಿಗೂ ಕೊಡುವುದಿಲ್ಲ. ಮಷಿನ್‌ನ ದುಡ್ಡು ಮೇ ತಿಂಗಳಲ್ಲೇ ಹೋಗಿಯಾಯಿತು. ಆ ಖರ್ಚನ್ನು ಹಲವು ವರ್ಷಗಳ ಲಾಭದ ಮೇಲೆ ಹಂಚಿ ಬರೆಯುವುದು ಬರೀ ಪುಸ್ತಕದ ಕೆಲಸ. 12 ಲಕ್ಷದ ಲಾಭ ಬರುವ ಮೊದಲು ಅದರಿಂದ 3 ಲಕ್ಷ ಕಳೆದಿದ್ದೆವು. ದುಡ್ಡು ಹೋಗದೇ ಕಳೆದದ್ದರಿಂದ ಈಗ ವಾಪಸ್ ಕೂಡಿಸುತ್ತೇವೆ. ಕಳೆದದ್ದನ್ನು ಅಳಿಸುತ್ತಿದ್ದೇವೆ, ಅಷ್ಟೇ.

ನಂಬಿಕೆ ಬರದಿದ್ದರೆ ಪೆನ್ಸಿಲ್ ಹಿಡಿದು ಪರೀಕ್ಷೆ ಮಾಡಿ. ಈ ವರ್ಷ ಸವಕಳಿ ಹಾಕಲೇ ಇಲ್ಲ ಎಂದುಕೊಳ್ಳಿ. ಲಾಭ 15 ಲಕ್ಷ ಆಗುತ್ತದೆ, ಕೂಡಿಸಲು ಸವಕಳಿ ಸೊನ್ನೆ. 15, ಬಡ್ಡಿಯ 1, ಆಮೇಲೆ 9 ಮತ್ತು 4 ಕಳೆದು 3 ಕೂಡಿಸಿದರೆ 6. ಈಗ ಸವಕಳಿಯನ್ನು ಎರಡು ಪಟ್ಟು ಮಾಡಿ, 6 ಲಕ್ಷ ಎನ್ನಿ. ಲಾಭ 9ಕ್ಕೆ ಇಳಿಯಿತು, ಕೂಡಿಸುವ ಸವಕಳಿ 6. ಲೆಕ್ಕ ಹಾಕಿ. ಮತ್ತೆ ಅದೇ 6. ಸವಕಳಿ ದುಡ್ಡು ತರುವಂತಿದ್ದರೆ ಉತ್ತರ ಬದಲಾಗಬೇಕಿತ್ತು, ಅಲ್ವಾ?

ಇದೇ ನಂಬಿಕೆಯ ಇನ್ನೊಂದು ರೂಪ "ಸವಕಳಿ ನಿಧಿ". ಹತ್ತು ವರ್ಷ ಸವಕಳಿ ಹಾಕಿದ್ದೇವೆ, ಹೊಸ ಮಷಿನ್‌ಗೆ ಅದರಲ್ಲಿ ದುಡ್ಡು ಇರುತ್ತದೆ ಎನ್ನುತ್ತಾರೆ. ಸವಕಳಿ ಬರೆದ ದಿನವೇ ಅಷ್ಟು ದುಡ್ಡನ್ನು ಬೇರೆ ಎಫ್‌ಡಿಯಲ್ಲಿ ಇಟ್ಟಿದ್ದರೆ ಇರುತ್ತದೆ. ಇಡದಿದ್ದರೆ ಅಲ್ಲಿರುವುದು ಒಂದು ಅಂಕಿ ಮಾತ್ರ.

ಒಂದು ಸತ್ಯ ಮಾತ್ರ ಒಪ್ಪಬೇಕು: ಸವಕಳಿ ಟ್ಯಾಕ್ಸ್ ಇಳಿಸುತ್ತದೆ. ಶೇ. 30ರ ಸ್ಲ್ಯಾಬಿನವರಿಗೆ 3 ಲಕ್ಷ ಸವಕಳಿಯಿಂದ ಸುಮಾರು 90 ಸಾವಿರ ಉಳಿಯುತ್ತದೆ. ಈ ಒಂದು ಎಳೆ ಹಿಡಿದುಕೊಂಡೇ ಜನ ಹಳ್ಳಕ್ಕೆ ಬೀಳುತ್ತಾರೆ. ಮಾರ್ಚ್ ಬಂತೆಂದರೆ "ಸಾರ್, ಟ್ಯಾಕ್ಸ್ ಉಳಿಸಲು ಕಾರು ತಗೊಳ್ಳಲಾ?" ಎಂಬ ಫೋನು ಶುರು. ಲೆಕ್ಕ ನೋಡಿ. 10 ಲಕ್ಷದ ಕಾರು, ಸವಕಳಿ ದರ ಶೇ. 15. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ ಮಾತ್ರ ಸಿಗುತ್ತದೆ, ಅಂದರೆ 75 ಸಾವಿರ. ಶೇ. 30ರಂತೆ ಆ ವರ್ಷ ಉಳಿಯುವ ಟ್ಯಾಕ್ಸ್ 22,500 ರೂಪಾಯಿ. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಉಳಿಯುತ್ತದೆ, ನಿಜ. ಆದರೆ ಪೂರ್ತಿ ಸವಕಳಿ ಮುಗಿದರೂ 10 ಲಕ್ಷ ಕೊಟ್ಟು ಟ್ಯಾಕ್ಸಿನಲ್ಲಿ 3 ಲಕ್ಷದಷ್ಟು ಉಳಿಸುವ ವ್ಯಾಪಾರ ಅದು. ಕಾರು ಬೇಕಿದ್ದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಸುಮ್ನೆ ಸವಕಳಿಯ ಹೆಸರು ಹೇಳಬೇಡಿ.

ಇಲ್ಲಿಗೆ ಕೇಳಿದ ಪ್ರಶ್ನೆ ಮುಗಿಯಿತು. ಆದರೆ ಈ ಪಟ್ಟಿಯಲ್ಲಿ ನನ್ನ ಕಣ್ಣು ಇನ್ನೊಂದು ಕಡೆ ನಿಂತಿದೆ. ಲಾಭದಲ್ಲಿ ಅಂದಾಜು, ಹೊಂದಾಣಿಕೆ ಇರುತ್ತದೆ, ನಗದು ಮಾತ್ರ ಸುಳ್ಳು ಹೇಳುವುದಿಲ್ಲ ಎಂಬ ಮಾತಿದೆ. ಮೇಲಿನ 6 ಲಕ್ಷವನ್ನು ಹಾಗೆಯೇ ನಂಬಬಹುದಾ?

ಆ 6ರಲ್ಲಿ 3 ಲಕ್ಷ ತಗಡಿನ ಅಂಗಡಿಗೆ ಕೊಡದೇ ಉಳಿಸಿಕೊಂಡದ್ದು. ಮಾರ್ಚ್ 31ಕ್ಕೆ ಕೊಡಬೇಕಾದ ಚೆಕ್ಕನ್ನು ಏಪ್ರಿಲ್ 2ಕ್ಕೆ ಕೊಟ್ಟರೂ ಈ ಸಾಲು ಚೆಂದ ಕಾಣುತ್ತದೆ. ದುಡ್ಡು ನಿಜವಾಗಿಯೂ ಬ್ಯಾಂಕಿನಲ್ಲಿತ್ತು, ಸುಳ್ಳೇನಿಲ್ಲ. ಎರಡು ದಿನ ಮಾತ್ರ ಇತ್ತು, ಅಷ್ಟೇ. ಇನ್ನೊಂದು ವಿಷಯ, ಬಡ್ಡಿ. ನಮ್ಮ ದೇಶದ ಲೆಕ್ಕಪತ್ರ ಮಾನದಂಡದ ಪ್ರಕಾರ ಬ್ಯಾಂಕು, ಫೈನಾನ್ಸ್ ಸಂಸ್ಥೆಗಳನ್ನು ಬಿಟ್ಟು ಉಳಿದವರು ಕಟ್ಟಿದ ಬಡ್ಡಿಯನ್ನು ಸಾಲದ ಭಾಗದಲ್ಲಿ ತೋರಿಸುತ್ತಾರೆ. ಹಾಗಾಗಿ ಎಷ್ಟೇ ಸಾಲವಿದ್ದರೂ ವ್ಯವಹಾರದ ನಗದು ಅದರ ಭಾರ ತೋರಿಸುವುದಿಲ್ಲ.

ನಾನು ಹೀಗೆ ಓದುತ್ತೇನೆ. 6ರಲ್ಲಿ ತಗಡಿನ ಬಾಕಿಯ 3 ತೆಗೆಯಿರಿ, ಉಳಿದದ್ದು 3. ಬಡ್ಡಿ 1 ತೆಗೆಯಿರಿ, 2. ಅಸಲು 2 ತೆಗೆಯಿರಿ, ಸೊನ್ನೆ. 12 ಲಕ್ಷ ಲಾಭದ ವರ್ಷದಲ್ಲಿ ಮನೆಗೆ ತೆಗೆದ 5 ಲಕ್ಷಕ್ಕೆ ಈ ವರ್ಷದ ವ್ಯಾಪಾರದಿಂದ ಒಂದು ರೂಪಾಯಿಯೂ ಬಂದಿಲ್ಲ. ಅದು ಹೋದ ವರ್ಷದ ಉಳಿಕೆಯಿಂದ ಮತ್ತು ತಗಡಿನ ಅಂಗಡಿಯವರ ತಾಳ್ಮೆಯಿಂದ ಬಂದಿದೆ. ಉಳಿಕೆ ಖಾಲಿಯಾಗಿದೆ. ಮುಂದಿನ ವರ್ಷ ಕಂತು ಹನ್ನೆರಡೂ ತಿಂಗಳು ಹೋಗಬೇಕು.

ತಾಳ್ಮೆಯನ್ನೂ ಎಷ್ಟು ದಿನ ಎಳೆಯಬಹುದು ಎನ್ನುವುದಕ್ಕೆ ಈಗ ಮಿತಿ ಬಂದಿದೆ. ಎಲ್ಲರೂ 43ಬಿ(ಎಚ್) ಎಂದು ಕರೆಯುವ ಆದಾಯ ತೆರಿಗೆ ನಿಯಮ 2024-25ನೇ ಅಸೆಸ್‌ಮೆಂಟ್ ವರ್ಷದಿಂದ ಜಾರಿಯಲ್ಲಿದೆ. ನೋಂದಣಿಯಾದ ಮೈಕ್ರೋ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದದ್ದನ್ನು, ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರೀದಿ ಆ ವರ್ಷದ ಖರ್ಚಾಗಿ ಸಿಗುವುದಿಲ್ಲ, ದುಡ್ಡು ಕೊಟ್ಟ ವರ್ಷ ಸಿಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗೆ ಕೊಡಬೇಕಾದ ಬಾಕಿಗೆ ಇದು ಅನ್ವಯಿಸುವುದಿಲ್ಲ, ಆದ್ದರಿಂದ ಈ ತಗಡಿನ ಅಂಗಡಿ ಬಚಾವ್. ಆದರೆ ಪೌಡರ್ ಕೋಟಿಂಗ್ ಮಾಡಿಕೊಡುವವರ ಬಾಕಿ ಇದ್ದರೆ ನೋಡಿಕೊಳ್ಳಿ. ಇದೇ ನಿಯಮವನ್ನು ನಿಮ್ಮ ಕಂಟ್ರಾಕ್ಟರಿಗೂ ತೋರಿಸಬಹುದು. ನೀವೂ ತಯಾರಕರೇ ತಾನೇ? ಉದ್ಯಮ್ ನೋಂದಣಿ ನಂಬರನ್ನು ಬಿಲ್ಲಿನ ಮೇಲೆ ಹಾಕಿಸಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಏಪ್ರಿಲ್ ಮೊದಲ ಎರಡು ವಾರದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಮಾರ್ಚ್ 31ರ 19 ಲಕ್ಷ ಬಾಕಿಯಲ್ಲಿ ಎಷ್ಟು ಬಂದಿದೆ ಎಂದು ಒಂದೊಂದೇ ಹೆಸರಿಗೆ ಟಿಕ್ ಹಾಕಿ. ಟಿಕ್ ಬೀಳದ ಹೆಸರುಗಳಿಗೆ ಇವತ್ತೇ ಫೋನ್ ಮಾಡಿ, ಮುಂದಿನ ಲೋಡ್ ಕಳಿಸುವ ಮೊದಲು.