ಬಕೆಟ್‌ಗೆ ಸರಾಸರಿ ಒಂದು ಅಂದರೆ ಸಾಕಾ?

ಕೆಲಸಕ್ಕೆ ಹೊಸಬರನ್ನು ಆರಿಸುವಾಗ ನಾನು ಆಗಾಗ ಕೇಳುವ ಪ್ರಶ್ನೆ ಇದು. 0ಯಿಂದ 1ರೊಳಗೆ ಸಮನಾಗಿ ಹರಡಿದ n ದಶಾಂಶ ಸಂಖ್ಯೆಗಳಿವೆ. ಅವನ್ನು n ಬಕೆಟ್‌ಗಳಿಗೆ ಹಂಚಿ, ಒಂದೊಂದು ಬಕೆಟ್ಟನ್ನೂ ಇನ್ಸರ್ಷನ್ ಸಾರ್ಟ್ ಮಾಡಿ, ಸಾಲಾಗಿ ಜೋಡಿಸುತ್ತೇವೆ. ಇದೇ ಬಕೆಟ್ ಸಾರ್ಟ್. ಇದರ ಒಟ್ಟು ಸಮಯ ಸರಾಸರಿಯಲ್ಲಿ ಲೀನಿಯರ್ ಅನ್ನುತ್ತಾರೆ. ಯಾಕೆ?

ಹೆಚ್ಚಿನವರ ಉತ್ತರ ಥಟ್ಟನೆ ಬರುತ್ತದೆ. "n ಸಂಖ್ಯೆ, n ಬಕೆಟ್. ಅಂದ್ರೆ ಬಕೆಟ್‌ಗೆ ಸರಾಸರಿ ಒಂದು. ಒಂದನ್ನು ಸಾರ್ಟ್ ಮಾಡೋಕೆ ಏನಿದೆ ಸರ್?"

ಆಗ ನಾನು ಇನ್ನೊಂದು ಕೇಳುತ್ತೇನೆ. ಎಲ್ಲ ಸಂಖ್ಯೆಗಳೂ ಒಂದೇ ಬಕೆಟ್‌ಗೆ ಬಿದ್ದವು ಅಂದುಕೊಳ್ಳಿ. ಈಗ ಸರಾಸರಿ ಎಷ್ಟು? ಆಗಲೂ n ಸಂಖ್ಯೆ, n ಬಕೆಟ್, ಸರಾಸರಿ ಒಂದೇ! ಆದರೆ ಇನ್ಸರ್ಷನ್ ಸಾರ್ಟ್‌ಗೆ ಈಗ n² ಕೆಲಸ ಬಿದ್ದಿದೆ. ಹರಡಿದ್ದಾಗಲೂ ಒಂದು, ಗುಡ್ಡೆ ಬಿದ್ದಾಗಲೂ ಒಂದು. ಹಾಗಿದ್ದ ಮೇಲೆ ಈ ಸರಾಸರಿ ನಮಗೆ ಸಮಯದ ಬಗ್ಗೆ ಏನೂ ಹೇಳುತ್ತಿಲ್ಲ ಅಂತಾಯಿತು. ಉತ್ತರ ಸರಿ, ಕೊಟ್ಟ ಕಾರಣ ತಪ್ಪು.

ಸರಿಯಾದ ಕಾರಣ ಏನೂ ಕಷ್ಟದ್ದಲ್ಲ. ಬಕೆಟ್‌ಗಳನ್ನು ಎಣಿಸುವುದನ್ನು ಬಿಟ್ಟು ಜೋಡಿಗಳನ್ನು ಎಣಿಸಬೇಕು, ಅಷ್ಟೇ.

ಮೊದಲು ಒಂದು ಸಣ್ಣ ಉದಾಹರಣೆ ಕೈಯಲ್ಲೇ ಮಾಡೋಣ. ಹತ್ತು ಸಂಖ್ಯೆಗಳು: 0.42, 0.07, 0.91, 0.46, 0.63, 0.18, 0.05, 0.88, 0.49, 0.30. ಬಕೆಟ್‌ಗಳೂ ಹತ್ತು. ಸಂಖ್ಯೆಯನ್ನು 10ರಿಂದ ಗುಣಿಸಿ, ದಶಾಂಶದ ಭಾಗ ಬಿಟ್ಟರೆ ಬಕೆಟ್ ನಂಬರ್ ಸಿಗುತ್ತದೆ. 0.42 ಹೋಗುವುದು 4ನೇ ಬಕೆಟ್‌ಗೆ, 0.07 ಹೋಗುವುದು 0ನೇ ಬಕೆಟ್‌ಗೆ. ಎಲ್ಲ ಹಾಕಿ ಮುಗಿಸಿದಾಗ 4ನೇ ಬಕೆಟ್‌ನಲ್ಲಿ ಮೂರು ಇರುತ್ತವೆ (0.42, 0.46, 0.49), 0ನೇದರಲ್ಲಿ ಎರಡು (0.07, 0.05). 1, 3, 6, 8, 9ರಲ್ಲಿ ಒಂದೊಂದು. 2, 5, 7 ಖಾಲಿ.

ಸಾರ್ಟ್ ಮಾಡುವ ಕೆಲಸ ಎಲ್ಲಿದೆ ನೋಡಿ. ಒಂಟಿ ಬಕೆಟ್‌ಗಳಲ್ಲಿ ಇಲ್ಲ, ಖಾಲಿ ಬಕೆಟ್‌ಗಳಲ್ಲಿ ಇಲ್ಲ. ಇರುವುದು 4ನೇದರಲ್ಲಿ ಮತ್ತು 0ನೇದರಲ್ಲಿ ಮಾತ್ರ. ಇನ್ಸರ್ಷನ್ ಸಾರ್ಟ್‌ನ ಗುಣ ಏನೆಂದರೆ, ಯಾವ ಎರಡು ಸಂಖ್ಯೆಗಳನ್ನೂ ಅದು ಒಂದಕ್ಕಿಂತ ಜಾಸ್ತಿ ಸಲ ಹೋಲಿಸುವುದಿಲ್ಲ. ಮೂರು ಸಂಖ್ಯೆಯಿದ್ದರೆ ಮೂರು ಜೋಡಿ, ಹೆಚ್ಚೆಂದರೆ ಮೂರು ಹೋಲಿಕೆ. ಎರಡಿದ್ದರೆ ಒಂದು ಜೋಡಿ, ಒಂದು ಹೋಲಿಕೆ. ಇಲ್ಲಿ ಒಟ್ಟು ಹೆಚ್ಚೆಂದರೆ 4. ಬೇರೆ ಬೇರೆ ಬಕೆಟ್‌ಗೆ ಹೋದ ಎರಡು ಸಂಖ್ಯೆಗಳು ಒಂದರ ಮುಖ ಇನ್ನೊಂದು ನೋಡುವುದೇ ಇಲ್ಲ. ಆದ್ದರಿಂದ ಹೋಲಿಕೆಗಳ ಲೆಕ್ಕ ಹೆಚ್ಚೆಂದರೆ, ಒಂದೇ ಬಕೆಟ್‌ನಲ್ಲಿ ಸಿಕ್ಕಿಹಾಕಿಕೊಂಡ ಜೋಡಿಗಳ ಲೆಕ್ಕ.

ಈಗ n ಸಂಖ್ಯೆಗಳಿಗೆ ಹೋಗೋಣ. ಯಾವುದಾದರೂ ಎರಡು ಸಂಖ್ಯೆ ತೆಗೆದುಕೊಳ್ಳಿ. ಮೊದಲನೆಯದು ಎಲ್ಲಿ ಬೇಕಾದರೂ ಬೀಳಲಿ. ಎರಡನೆಯದು ಅದೇ ಬಕೆಟ್‌ಗೆ ಬೀಳುವ ಸಂಭವ ಎಷ್ಟು? n ಬಕೆಟ್‌ಗಳಿವೆ, ಎಲ್ಲದಕ್ಕೂ ಸಮ ಅವಕಾಶವಿದೆ, ಹಾಗಾಗಿ 1/n. ಒಟ್ಟು ಜೋಡಿಗಳು n(n−1)/2. ಎರಡನ್ನೂ ಗುಣಿಸಿ:

```
n(n-1)/2 × 1/n = (n-1)/2
```

ಇಷ್ಟೇ ಲೆಕ್ಕ. ಜೋಡಿಗಳು n²ನಂತೆ ಬೆಳೆಯುತ್ತವೆ, ನಿಜ. ಆದರೆ ಒಂದೊಂದು ಜೋಡಿಯೂ ಡಿಕ್ಕಿ ಹೊಡೆಯುವ ಸಂಭವ 1/nನಂತೆ ಇಳಿಯುತ್ತದೆ. ಒಂದು n ಇನ್ನೊಂದನ್ನು ತಿಂದುಹಾಕುತ್ತದೆ. ಹತ್ತು ಸಂಖ್ಯೆಗೆ ನಿರೀಕ್ಷಿತ ಜೋಡಿಗಳು 4.5. ನಮ್ಮ ಉದಾಹರಣೆಯಲ್ಲಿ 4 ಬಂದಿತ್ತು, ಅಲ್ವಾ?

ಪಠ್ಯಗಳಲ್ಲಿ ಇದೇ ಮಾತು ವರ್ಗದ ರೂಪದಲ್ಲಿ ಬರುತ್ತದೆ. i-ನೇ ಬಕೆಟ್‌ನಲ್ಲಿರುವ ಸಂಖ್ಯೆಗಳು `n_i` ಆದರೆ, `n_i²`ನ ಸರಾಸರಿ 2 − 1/n ಅನ್ನುತ್ತಾರೆ. ಎಲ್ಲಿಂದಲೋ ಉದುರಿದಂತೆ ಕಾಣುವ ಈ 2 ಸುಮ್ನೆ ಬಂದದ್ದಲ್ಲ. ಒಂದು ಬಕೆಟ್‌ನ ವರ್ಗ ಅಂದರೆ ಅದರ ಸಂಖ್ಯೆಗಳು, ಜೊತೆಗೆ ಅದರ ಜೋಡಿಗಳ ಎರಡರಷ್ಟು. ಎಲ್ಲ ಬಕೆಟ್ ಕೂಡಿಸಿದರೆ n ಮತ್ತು n−1, ಒಟ್ಟು 2n−1. ಅದನ್ನು n ಬಕೆಟ್‌ಗೆ ಹಂಚಿದರೆ 2 − 1/n. ನಮ್ಮ ಹತ್ತು ಸಂಖ್ಯೆಗಳಿಗೆ ವರ್ಗಗಳ ಮೊತ್ತ 9+4+1+1+1+1+1, ಅಂದರೆ 18. ಸೂತ್ರ ಹೇಳುವುದು 19.

ಕೆಲವರಿಗೆ ಇಲ್ಲಿ ಒಂದು ಅನುಮಾನ ಬರುತ್ತದೆ. ಒಂದು ಬಕೆಟ್ ತುಂಬಿದರೆ ಇನ್ನೊಂದು ಬರಿದಾಗಲೇಬೇಕು, ಬಕೆಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದವು ಅಲ್ಲವಲ್ಲ, ಹಾಗೆ ಕೂಡಿಸಬಹುದೇ? ಕೂಡಿಸಬಹುದು. ಸರಾಸರಿಗಳನ್ನು ಕೂಡಿಸಲು ಆ ಸ್ವಾತಂತ್ರ್ಯ ಬೇಡ. ನಾವು ಬಳಸಿದ್ದು ಯಾವುದೇ ಎರಡು ಸಂಖ್ಯೆಗಳು ಒಂದರ ಹಂಗಿಲ್ಲದೆ ಇನ್ನೊಂದು ಬೀಳುತ್ತದೆ ಅನ್ನುವುದನ್ನು ಮಾತ್ರ.

ಇನ್ನೊಂದು ಭಯ: ಯಾವುದೋ ಒಂದು ಬಕೆಟ್ ತೀರಾ ಉಬ್ಬಿಬಿಟ್ಟರೆ? 10 ಲಕ್ಷ ಸಂಖ್ಯೆಗಳನ್ನು 10 ಲಕ್ಷ ಬಕೆಟ್‌ಗೆ ಹಾಕಿದರೆ ಸುಮಾರು 3.68 ಲಕ್ಷ ಬಕೆಟ್ ಖಾಲಿ ಉಳಿಯುತ್ತವೆ. ಹೆಚ್ಚುಕಡಿಮೆ ಅಷ್ಟೇ ಬಕೆಟ್‌ಗಳಲ್ಲಿ ಒಂದೊಂದು, 1.84 ಲಕ್ಷದಲ್ಲಿ ಎರಡೆರಡು. ಎಲ್ಲಕ್ಕಿಂತ ದಪ್ಪ ಬಕೆಟ್‌ನಲ್ಲಿ ಸಾಮಾನ್ಯವಾಗಿ 8ರಿಂದ 10 ಇರುತ್ತವೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಖಾಲಿ ಅಂತ ನೋಡಿ ಹೊಟ್ಟೆ ಉರಿಯಬಹುದು. ಅದು ಲೆಕ್ಕದಲ್ಲಿ ಸೇರಿಕೊಂಡೇ ಇರುವ ನಷ್ಟ.

ಆ ಜಾಗ ಉಳಿಸಲು ಹೋಗಿ ಬಕೆಟ್ ಕಡಿಮೆ ಮಾಡುವವರೂ ಇದ್ದಾರೆ. ಹತ್ತು ಸಂಖ್ಯೆ, ಹತ್ತು ಬಕೆಟ್‌ನ ಉದಾಹರಣೆ ನೋಡಿ ಕೋಡ್‌ನಲ್ಲಿ 10 ಅಂತಲೇ ಬರೆದಿಟ್ಟದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಒಂದು ಲಕ್ಷ ಸಂಖ್ಯೆಗೆ ಹತ್ತೇ ಬಕೆಟ್ ಇಟ್ಟರೆ ಡಿಕ್ಕಿಯ ಸಂಭವ 1/10ರಲ್ಲೇ ನಿಂತುಬಿಡುತ್ತದೆ, ಜೋಡಿಗಳು ಮಾತ್ರ ಬೆಳೆಯುತ್ತಲೇ ಹೋಗುತ್ತವೆ. ಸುಮಾರು 50 ಕೋಟಿ ಜೋಡಿಗಳು. ಒಂದು ಲಕ್ಷ ಬಕೆಟ್ ಇಟ್ಟಿದ್ದರೆ 50 ಸಾವಿರ. ಉತ್ತರ ಎರಡರಲ್ಲೂ ಸರಿಯೇ ಬರುತ್ತದೆ, ಆದ್ದರಿಂದ ಟೆಸ್ಟ್‌ಗಳು ಇದನ್ನು ಹಿಡಿಯುವುದಿಲ್ಲ.

ನಾನೇ ಎಡವಿದ್ದು ಬೇರೆ ಕಡೆ. ಒಂದು ಸರ್ವಿಸ್‌ನ ಪ್ರತಿಕ್ರಿಯೆ ಸಮಯಗಳನ್ನು ಸಾರ್ಟ್ ಮಾಡಬೇಕಿತ್ತು. ಸಂಖ್ಯೆಗಳು ಸುಮಾರು ಒಂದು ಲಕ್ಷ. ಎಲ್ಲವನ್ನೂ ಅತಿ ದೊಡ್ಡ ಸಮಯದಿಂದ ಭಾಗಿಸಿದರೆ 0ಯಿಂದ 1ರೊಳಗೆ ಬರುತ್ತವೆ, ಆಮೇಲೆ ಬಕೆಟ್ ಸಾರ್ಟ್ ಅಂದುಕೊಂಡೆ. ಸಮಯಗಳು ಅರ್ಧ ಸೆಕೆಂಡಿನ ಒಳಗೆ ಚೆನ್ನಾಗಿಯೇ ಹರಡಿದ್ದವು. ಆದರೆ ಎಲ್ಲೋ ಒಂದು ಕರೆ ಸಿಕ್ಕಿಹಾಕಿಕೊಂಡು 600 ಸೆಕೆಂಡ್ ತೆಗೆದುಕೊಂಡಿತ್ತು. ಭಾಗಿಸಿದ ಮೇಲೆ ಉಳಿದವೆಲ್ಲ 0.00084ರ ಕೆಳಗೆ ಕುಸಿದವು. ಲಕ್ಷ ಬಕೆಟ್‌ಗಳಲ್ಲಿ ಬಳಕೆಯಾದದ್ದು ಮೊದಲ 84. ಕೊನೆಯದರಲ್ಲಿ ಆ ಒಂದು ಒಂಟಿ ಸಂಖ್ಯೆ. ಒಂದೊಂದರಲ್ಲೂ ಸುಮಾರು 1,200 ಸಂಖ್ಯೆ ಕೂತು, ವರ್ಗಗಳ ಮೊತ್ತ 12 ಕೋಟಿಗೆ ಹೋಯಿತು. ಇರಬೇಕಾದದ್ದು 2 ಲಕ್ಷ. 600 ಪಟ್ಟು! ಒಂದೇ ಒಂದು ಸಂಖ್ಯೆ ಮಾಡಿದ ಕೆಲಸ.

ಈ ಸರಾಸರಿ ಯಾವುದರ ಮೇಲಿನದು ಅನ್ನುವುದನ್ನು ನಾನು ಮರೆತಿದ್ದೆ. ರ‍್ಯಾಂಡಮ್ ಪಿವಟ್ ಇರುವ ಕ್ವಿಕ್‌ಸಾರ್ಟ್‌ನಲ್ಲಿ ನಾಣ್ಯ ಚಿಮ್ಮುವುದು ನಾವು. ಡೇಟಾ ಹೇಗೇ ಇರಲಿ, ಆ ಸರಾಸರಿ ನಮ್ಮ ಕೈಯಲ್ಲಿದೆ. ಬಕೆಟ್ ಸಾರ್ಟ್‌ನಲ್ಲಿ ನಾಣ್ಯ ಚಿಮ್ಮುವುದು ಡೇಟಾ. ಸಂಖ್ಯೆಗಳನ್ನು ಮೊದಲೇ ಚೆನ್ನಾಗಿ ಕಲಸಿದರೂ ಪ್ರಯೋಜನವಿಲ್ಲ. ಕಲಸಿದರೆ ಕ್ರಮ ಬದಲಾಗುತ್ತದೆ, ಯಾವುದು ಯಾವ ಬಕೆಟ್‌ಗೆ ಅನ್ನುವುದು ಬದಲಾಗುವುದಿಲ್ಲ.

ಹಾಗಂತ ಅಳತೆ ಕೋಲಿಟ್ಟು ನೋಡಿದಂತೆ ಸಮನಾಗಿರಬೇಕು ಅಂತಲೂ ಇಲ್ಲ. ಯಾವ ಬಕೆಟ್‌ಗೆ ಬೀಳುವ ಸಂಭವವೂ 1/nನ ಮೂರು ಪಟ್ಟಿಗಿಂತ ಜಾಸ್ತಿ ಇಲ್ಲದಿದ್ದರೆ, ಎರಡು ಸಂಖ್ಯೆ ಡಿಕ್ಕಿ ಹೊಡೆಯುವ ಸಂಭವ 3/n ದಾಟುವುದಿಲ್ಲ. ಜೋಡಿಗಳು ಮೂರು ಪಟ್ಟಾಗಬಹುದು, ಆದರೂ ಲೀನಿಯರ್. ಆ ಪಟ್ಟು n ಬೆಳೆದಂತೆ ತಾನೂ ಬೆಳೆಯುತ್ತಿದ್ದರೆ ಮಾತ್ರ ತೊಂದರೆ.

ಒಳ್ಳೆಯ ಸಂಗತಿ ಏನೆಂದರೆ, ಕೆಟ್ಟ ಡೇಟಾ ಬಂದಿದೆಯಾ ಅಂತ ಸಾರ್ಟ್‌ಗೆ ಮೊದಲೇ ತಿಳಿಯಬಹುದು. ಹಂಚಿ ಮುಗಿದ ಕೂಡಲೇ ವರ್ಗಗಳನ್ನು ಕೂಡಿಸಿ. 2n ಆಸುಪಾಸಿನಲ್ಲಿದ್ದರೆ ಮುಂದುವರಿಯಿರಿ, ತೀರಾ ಹೆಚ್ಚಿದ್ದರೆ ಲೈಬ್ರರಿ ಸಾರ್ಟ್‌ಗೆ ಕೊಟ್ಟುಬಿಡಿ.

```python
def insertion_sort(t):
    for j in range(1, len(t)):
        x = t[j]
        k = j
        while k > 0 and t[k - 1] > x:
            t[k] = t[k - 1]
            k -= 1
        t[k] = x

def bucket_sort(a):
    n = len(a)
    b = [[] for _ in range(n)]
    for x in a:
        i = min(int(n * x), n - 1)
        b[i].append(x)
    if sum(len(t) ** 2 for t in b) > 10 * n:
        return sorted(a)
    for t in b:
        insertion_sort(t)
    return [x for t in b for x in t]
```

ಇಲ್ಲಿನ 10 ನನ್ನ ಅಂದಾಜು. ಸಣ್ಣಪುಟ್ಟ ಏರುಪೇರಿಗೆ ಬೆದರದಿರಲಿ ಅಂತ ಸಡಿಲ ಬಿಟ್ಟಿದ್ದೇನೆ. `min` ಇರುವುದು ಸರಿಯಾಗಿ 1.0 ಬಂದಾಗ n-ನೇ ಬಕೆಟ್ ಹುಡುಕಿ ಪ್ರೋಗ್ರಾಂ ಬೀಳದಿರಲಿ ಎಂದು. ದೊಡ್ಡದರಿಂದ ಭಾಗಿಸಿದರೆ ಆ ದೊಡ್ಡದು 1.0 ಆಗಿಯೇ ಆಗುತ್ತದೆ. ಫ್ಲೋಟ್‌ನ ಇನ್ನೊಂದು ಚೇಷ್ಟೆಗೆ ಹೆದರಬೇಕಿಲ್ಲ: `0.29 * 100` ಮಾಡಿದರೆ 28.999999999999996 ಬರುತ್ತದೆ, 0.29 ಹೋಗಿ 28ನೇ ಬಕೆಟ್‌ಗೆ ಕೂರುತ್ತದೆ. ಆದರೆ ಅದಕ್ಕಿಂತ ಸಣ್ಣ ಯಾವ ಸಂಖ್ಯೆಯೂ ಅದರ ಮುಂದಿನ ಬಕೆಟ್‌ಗೆ ಹೋಗುವುದಿಲ್ಲವಾದ್ದರಿಂದ ಕ್ರಮ ಕೆಡುವುದಿಲ್ಲ.

ಪ್ರತಿಕ್ರಿಯೆ ಸಮಯಗಳ ಕಥೆಗೆ ಬಂದರೆ, ಮೊದಲು ಬಕೆಟ್‌ಗಳ ಗಡಿಗಳನ್ನೇ ಡೇಟಾಗೆ ತಕ್ಕಂತೆ ಹಾಕೋಣ ಅಂದುಕೊಂಡೆ. ದಟ್ಟ ಇರುವ ಕಡೆ ಸಣ್ಣ ಬಕೆಟ್, ತೆಳು ಇರುವ ಕಡೆ ಅಗಲ ಬಕೆಟ್. ಆಗ ಗುಣಿಸಿ ಬಕೆಟ್ ನಂಬರ್ ಪಡೆಯಲು ಆಗುವುದಿಲ್ಲ, ಗಡಿಗಳ ಪಟ್ಟಿಯಲ್ಲಿ ಬೈನರಿ ಸರ್ಚ್ ಮಾಡಬೇಕು. ಒಂದೊಂದು ಸಂಖ್ಯೆಗೂ log n ಹೆಜ್ಜೆ. ಹೋಲಿಸಿ ಮಾಡುವ ಸಾರ್ಟ್‌ಗಳ n log n ಗಡಿಯನ್ನು ಬಕೆಟ್ ಸಾರ್ಟ್ ದಾಟುವುದೇ ಒಂದು ಗುಣಾಕಾರದಿಂದ ನೇರ ಜಾಗಕ್ಕೆ ಹಾರುವ ಬಲದಿಂದ. ಅದನ್ನೇ ಬಿಟ್ಟುಕೊಟ್ಟರೆ ಹೊರಟಲ್ಲಿಗೇ ಬಂದು ನಿಂತಂತೆ. ಕೊನೆಗೆ ಒಂದು ಸೆಕೆಂಡ್ ಮೀರಿದ ಸಮಯಗಳನ್ನು ಬೇರೆ ಪಟ್ಟಿಗೆ ಎತ್ತಿಟ್ಟು, ಉಳಿದವನ್ನು ಅವುಗಳ ಪೈಕಿ ದೊಡ್ಡದರಿಂದ ಭಾಗಿಸಿದೆ. ಎತ್ತಿಟ್ಟ ಪಟ್ಟಿಯಲ್ಲಿ ಇದ್ದದ್ದು ಆ ಒಂದೇ ಸಂಖ್ಯೆ.